ಮೂವತ್ತೊಂದು ಬಾಕಿ, ನಾಲ್ಕೇ ಪಾವತಿ

ಪ್ರವಾಸ ಮುಗಿದ ಮೇಲೆ ಫೋಟೊಗಳು ಅದೇ ರಾತ್ರಿ ವಾಟ್ಸ್ಆ್ಯಪ್ ಗುಂಪಿಗೆ ಬಂದು ಬೀಳುತ್ತವೆ. ಲೆಕ್ಕ ಮಾತ್ರ ಬರುವುದಿಲ್ಲ. ಹೋಮ್‌ಸ್ಟೇಗೆ ಒಬ್ಬರು ಕೊಟ್ಟಿರುತ್ತಾರೆ, ಗಾಡಿಗೆ ಇನ್ನೊಬ್ಬರು, ದಾರಿಯ ಊಟಕ್ಕೆ ಮತ್ತೊಬ್ಬರು. ಎಲ್ಲರ ಫೋನಿನಲ್ಲೂ ಪಾವತಿಯ ದಾಖಲೆ ಇದೆ, ಯಾರಿಗೂ ಮೋಸ ಮಾಡುವ ಮನಸ್ಸಿಲ್ಲ. ಆದರೂ ‘ನಾನು ನಿನಗೆಷ್ಟು ಕೊಡಬೇಕು’ ಅನ್ನುವ ಸರಳ ಪ್ರಶ್ನೆಗೆ ಹದಿನೈದು ದಿನವಾದರೂ ಉತ್ತರ ಸಿಗುವುದಿಲ್ಲ. ನನ್ನ ಪ್ರಕಾರ ತಪ್ಪಿರುವುದು ಪ್ರಶ್ನೆಯಲ್ಲೇ. ‘ನಾನು ನಿನಗೆ’ ಎಂದು ಶುರುಮಾಡಿದರೆ ಲೆಕ್ಕ ಜಟಿಲವಾಗುತ್ತದೆ. ‘ನಾನು ಗುಂಪಿಗೆ’ ಎಂದು ಶುರುಮಾಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದು ಕಾಲ್ಪನಿಕ ಪ್ರವಾಸವನ್ನೇ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಆರು ಮಂದಿ ಗೆಳೆಯರು ಚಿಕ್ಕಮಗಳೂರಿಗೆ ಹೋಗಿ ಎರಡು ರಾತ್ರಿ ಇದ್ದು ಬರುತ್ತಾರೆ. ಮಂಜು, ಸುಮಾ, ಇರ್ಫಾನ್, ಪ್ರವೀಣ ಮತ್ತು ಕಾವ್ಯ ಮೊದಲ ದಿನವೇ ಬಾಡಿಗೆ ಇನ್ನೋವಾದಲ್ಲಿ ಹೊರಟರು. ವಿನಯನಿಗೆ ರಜೆ ಸಿಗದೆ ಮರುದಿನ ಬಸ್ಸಿನಲ್ಲಿ ಬಂದು ಸೇರಿಕೊಂಡ, ವಾಪಸಾಗುವಾಗ ಎಲ್ಲರ ಜೊತೆ ಗಾಡಿಯಲ್ಲೇ ಬಂದ.

ಹೋಮ್‌ಸ್ಟೇ ದರ ತಲೆಗೆ, ರಾತ್ರಿಗೆ 1,800 ರೂಪಾಯಿ. ಐವರಿಗೆ ಎರಡು ರಾತ್ರಿ, ವಿನಯನಿಗೆ ಒಂದು ರಾತ್ರಿ, ಒಟ್ಟು 19,800. ಇದರಲ್ಲಿ 5,000 ಮುಂಗಡವನ್ನು ಸುಮಾ ಕಳಿಸಿದ್ದಳು, ಉಳಿದ 14,800ನ್ನು ಹೊರಡುವಾಗ ಮಂಜು ಕೊಟ್ಟ. ಗಾಡಿ ಬಾಡಿಗೆ, ಟೋಲ್, ಚಾಲಕರ ಬತ್ತೆ ಸೇರಿ 14,300 ಇರ್ಫಾನ್ ಕೊಟ್ಟ. ಮುಳ್ಳಯ್ಯನಗಿರಿ, ಝರಿ ಜಲಪಾತ ಸುತ್ತಿಸಿದ ಜೀಪಿಗೆ ಕಾವ್ಯ 3,000 ಕೊಟ್ಟಳು. ಹೋಗುವಾಗ ಐವರ ಊಟ 1,750, ಕೊಟ್ಟವನು ಪ್ರವೀಣ. ಬರುವಾಗ ಆರು ಜನರ ಊಟ 2,400, ಕೊಟ್ಟವನು ವಿನಯ. ಇನ್ನೊಂದು 2,400ರ ಬಿಲ್ಲು ವೈನ್ ಶಾಪಿನದು. ಅದನ್ನೂ ಪ್ರವೀಣನೇ ಕೊಟ್ಟ, ಆದರೆ ಕುಡಿದವರು ಮಂಜು, ಇರ್ಫಾನ್, ಪ್ರವೀಣ ಮೂವರೇ.

ಇದ್ದದ್ದು ಏಳು ಪಾವತಿ. ಪ್ರತಿ ಪಾವತಿಗೂ ಉಳಿದವರು ತಂತಮ್ಮ ಪಾಲನ್ನು ಕೊಟ್ಟವರಿಗೆ ಕಳಿಸುತ್ತಾ ಹೋದರೆ ಎಷ್ಟು ಸಲ ಹಣ ಕಳಿಸಬೇಕು, ಎಣಿಸಿ ನೋಡಿ. ಮುಂಗಡಕ್ಕೆ ಐದು, ಹೋಮ್‌ಸ್ಟೇಯ ಉಳಿಕೆಗೆ ಐದು, ಗಾಡಿಗೆ ಐದು, ಜೀಪಿಗೆ ಐದು, ಹೋಗುವಾಗಿನ ಊಟಕ್ಕೆ ನಾಲ್ಕು, ಬರುವಾಗಿನ ಊಟಕ್ಕೆ ಐದು, ವೈನ್ ಶಾಪಿಗೆ ಎರಡು. ಮೂವತ್ತೊಂದು! ಕಾವ್ಯ ಇರ್ಫಾನ್‌ಗೆ ಕಳಿಸಿದ ಮೇಲೆ ಇರ್ಫಾನ್ ಕಾವ್ಯಳಿಗೆ ಕಳಿಸುವುದು, ಸುಮಾ ಮಂಜುವಿಗೆ ಕಳಿಸಿ ಮಂಜು ಸುಮಾಳಿಗೆ ಕಳಿಸುವುದು, ಎಲ್ಲವೂ ಇದರಲ್ಲೇ ಬಂತು.

ಹಣ ಕಳಿಸುವ ಮಾತಿಗೆ ಮೊದಲು ಪಾಲಿನ ಮಾತು ಮುಗಿಯಬೇಕು. ಇದನ್ನು ಯಾವ ಲೆಕ್ಕಶಾಸ್ತ್ರವೂ ಹೇಳಿಕೊಡುವುದಿಲ್ಲ, ಗೆಳೆಯರೇ ತೀರ್ಮಾನಿಸಬೇಕು. ವಿನಯ ಗಾಡಿಯಲ್ಲಿ ಬಂದದ್ದು ಒಂದು ದಿಕ್ಕಿಗೆ ಮಾತ್ರ. ಅವನು ಬರದೇ ಇದ್ದರೂ ಗಾಡಿಗೆ ಅಷ್ಟೇ ಬಾಡಿಗೆ ಆಗುತ್ತಿತ್ತು, ಹಾಗಾಗಿ ಅವನಿಂದ ಏನೂ ಕೇಳಬಾರದು ಅನ್ನುವವರಿದ್ದಾರೆ. ಗಾಡಿ ಹತ್ತಿದ ಮೇಲೆ ಸರಿಪಾಲು ಕೊಡಲಿ ಅನ್ನುವವರೂ ಇದ್ದಾರೆ. ಈ ಗುಂಪು ಅರ್ಧ ಪಾಲು ಎಂದು ಒಪ್ಪಿಕೊಂಡಿತು. ಅಂದರೆ ಐವರಿಗೆ ಎರಡೆರಡು, ವಿನಯನಿಗೆ ಒಂದು, ಹೀಗೆ 14,300ನ್ನು ಹನ್ನೊಂದು ಭಾಗ ಮಾಡಿದರು. ಒಂದು ಭಾಗ 1,300. ಐವರಿಗೆ ತಲಾ 2,600, ವಿನಯನಿಗೆ 1,300. ಯಾವ ತೀರ್ಮಾನವಾದರೂ ಪರವಾಗಿಲ್ಲ, ಅಂಕಿ ಬರೆಯುವ ಮೊದಲೇ ಆಗಿರಬೇಕು. ಬಾಕಿ ಎಷ್ಟೆಂದು ಗೊತ್ತಾದ ಮೇಲೆ ನ್ಯಾಯದ ಚರ್ಚೆ ಎತ್ತಿದರೆ ಪ್ರತಿಯೊಬ್ಬರಿಗೂ ತಮಗೆ ಕಡಿಮೆ ಬೀಳುವ ನ್ಯಾಯವೇ ಸರಿ ಅನ್ನಿಸುತ್ತದೆ.

ಇನ್ನು ಸುಮಾಳ ಪಾಲನ್ನು ಕೂಡೋಣ. ಹೋಮ್‌ಸ್ಟೇಗೆ 3,600, ಗಾಡಿಗೆ 2,600, ಜೀಪಿಗೆ 500, ಎರಡು ಊಟಕ್ಕೆ 350 ಮತ್ತು 400. ಒಟ್ಟು 7,450. ಕಾವ್ಯಳದೂ ಅಷ್ಟೇ. ವೈನ್ ಶಾಪಿನ ಬಿಲ್ಲಿನಲ್ಲಿ ತಲಾ 800 ಸೇರುವುದರಿಂದ ಮಂಜು, ಇರ್ಫಾನ್, ಪ್ರವೀಣರ ಪಾಲು 8,250. ವಿನಯನದು 1,800, 1,300, 500, 400 ಸೇರಿ 4,000. ಕೈಯಿಂದ ಕೊಟ್ಟದ್ದರಲ್ಲಿ ಪಾಲನ್ನು ಕಳೆದರೆ ಸಿಗುವುದೇ ನಿವ್ವಳ ಬಾಕಿ.

| ಹೆಸರು | ಕೊಟ್ಟದ್ದು | ಪಾಲು | ಬಾಕಿ |
|---|---|---|---|
| ಮಂಜು | 14,800 | 8,250 | +6,550 |
| ಇರ್ಫಾನ್ | 14,300 | 8,250 | +6,050 |
| ಸುಮಾ | 5,000 | 7,450 | −2,450 |
| ಕಾವ್ಯ | 3,000 | 7,450 | −4,450 |
| ಪ್ರವೀಣ | 4,150 | 8,250 | −4,100 |
| ವಿನಯ | 2,400 | 4,000 | −1,600 |
| ಒಟ್ಟು | 43,650 | 43,650 | 0 |

ಕೂಡು ಗುರುತಿನವರಿಗೆ ಬರಬೇಕು, ಕಳೆ ಗುರುತಿನವರು ಕೊಡಬೇಕು. ಈ ಪಟ್ಟಿ ಸಿಕ್ಕ ಮೇಲೆ ಯಾವ ಬಿಲ್ಲನ್ನು ಯಾರು ಕೊಟ್ಟರು ಅನ್ನುವುದು ಬೇಕಾಗಿಲ್ಲ. ಮಂಜುವಿಗೆ 6,550 ಬಂದರೆ ಸಾಕು, ಅದು ಯಾರ ಕೈಯಿಂದ ಬಂದರೂ ಅವನ ಲೆಕ್ಕ ಸರಿಹೋಗುತ್ತದೆ. ಮೂವತ್ತೊಂದು ಬಾಕಿಗಳು ಆರು ಅಂಕಿಗಳಾಗಿ ಇಳಿದದ್ದು ಹೀಗೆ.

ಈಗ ಹಣ ಕಳಿಸುವ ಮಾತು. ಯಾರಿಗಾದರೂ ಥಟ್ಟನೆ ಹೊಳೆಯುವ ದಾರಿ ಒಂದಿದೆ: ಅತಿ ಹೆಚ್ಚು ಕೊಡಬೇಕಾದವರು ಅತಿ ಹೆಚ್ಚು ಬರಬೇಕಾದವರಿಗೆ ಕೊಡಲಿ. ಇಬ್ಬರ ಬಾಕಿಯಲ್ಲಿ ಯಾವುದು ಚಿಕ್ಕದೋ ಅಷ್ಟು ಹಣ ಸಾಗಲಿ. ಆಗ ಇಬ್ಬರಲ್ಲಿ ಒಬ್ಬರದಾದರೂ ಸೊನ್ನೆಯಾಗುತ್ತದೆ. ಉಳಿದವರಲ್ಲಿ ಮತ್ತೆ ಹಾಗೇ ಮಾಡುತ್ತಾ ಹೋಗುವುದು. ಪ್ರತಿ ಸಲ ಒಬ್ಬರು ಕಣದಿಂದ ಹೊರಬೀಳುತ್ತಾರೆ, ಕೊನೆಯ ಸಲ ಉಳಿದಿರುವ ಇಬ್ಬರೂ ಒಟ್ಟಿಗೆ ಹೊರಬೀಳುತ್ತಾರೆ. ಆದ್ದರಿಂದ ಆರು ಜನರಿದ್ದರೆ ಐದಕ್ಕಿಂತ ಹೆಚ್ಚು ಪಾವತಿ ಎಂದೂ ಬೇಕಾಗುವುದಿಲ್ಲ, ಇಪ್ಪತ್ತು ಜನರಿದ್ದರೆ ಹತ್ತೊಂಬತ್ತು.

ನಮ್ಮ ಪಟ್ಟಿಗೆ ಇದನ್ನು ಹಾಕಿ ನೋಡಿ. ಕಾವ್ಯ ಮಂಜುವಿಗೆ 4,450 ಕಳಿಸುತ್ತಾಳೆ, ಮಂಜುವಿಗೆ ಇನ್ನು 2,100 ಬರಬೇಕು. ಪ್ರವೀಣ ಇರ್ಫಾನ್‌ಗೆ 4,100 ಕಳಿಸುತ್ತಾನೆ, ಇರ್ಫಾನ್‌ಗೆ ಇನ್ನು 1,950. ಸುಮಾ ಮಂಜುವಿಗೆ 2,100 ಕಳಿಸಿ ಅವನ ಲೆಕ್ಕ ಮುಗಿಸುತ್ತಾಳೆ, ಅವಳಲ್ಲಿ 350 ಉಳಿಯುತ್ತದೆ. ವಿನಯ ಇರ್ಫಾನ್‌ಗೆ 1,600. ಕೊನೆಗೆ ಸುಮಾ ಇರ್ಫಾನ್‌ಗೆ ಆ 350. ಒಟ್ಟು ಐದು ಪಾವತಿ.

ಮೂವತ್ತೊಂದರಿಂದ ಐದಕ್ಕೆ ಬಂದೆವು. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ, ಇದೇ ಅತಿ ಕಡಿಮೆ ಎಂದುಕೊಳ್ಳುತ್ತಾರೆ. ಆದರೆ ಸುಮಾಳ ಆ 350 ರೂಪಾಯಿಯನ್ನು ನೋಡಿ. ಅವಳು ಇಬ್ಬರಿಗೆ ಹಂಚಿ ಕಳಿಸಬೇಕಾಗಿ ಬಂದದ್ದೇಕೆ? ನಾವು ದೊಡ್ಡದರ ಎದುರಿಗೆ ದೊಡ್ಡದನ್ನು ಇಡುವ ಆತುರದಲ್ಲಿ ಯಾವ ಮೊತ್ತಕ್ಕೆ ಯಾವ ಮೊತ್ತ ಸರಿಯಾಗಿ ಕೂಡಿಬರುತ್ತದೆ ಎಂದು ನೋಡಲೇ ಇಲ್ಲ.

ಇರ್ಫಾನ್‌ಗೆ ಬರಬೇಕಾದದ್ದು 6,050. ಕೊಡಬೇಕಾದವರ ಅಂಕಿಗಳು 2,450, 4,450, 4,100, 1,600. ಇರ್ಫಾನ್‌ನ ಮೊತ್ತ ಐವತ್ತರಲ್ಲಿ ಕೊನೆಗೊಳ್ಳುತ್ತದೆ, ಹಾಗಾಗಿ ಐವತ್ತರಲ್ಲಿ ಕೊನೆಗೊಳ್ಳುವ ಎರಡರಲ್ಲಿ ಒಂದು, ಒಂದೇ ಒಂದು, ಅದರಲ್ಲಿ ಸೇರಿರಲೇಬೇಕು. 2,450 ಹಿಡಿದರೆ ಇನ್ನು 3,600 ಬೇಕು, ಅದು ಸಿಗುವುದಿಲ್ಲ. 4,450 ಹಿಡಿದರೆ 1,600 ಬೇಕು. ಸಿಕ್ಕಿತು! ಕಾವ್ಯ ಮತ್ತು ವಿನಯ ಇಬ್ಬರೂ ಸೇರಿ ಇರ್ಫಾನ್‌ನ ಲೆಕ್ಕವನ್ನು ಚಿಲ್ಲರೆ ಉಳಿಯದಂತೆ ಮುಗಿಸುತ್ತಾರೆ. ಹಾಗಾದ ಮೇಲೆ ಉಳಿದ ಸುಮಾಳ 2,450, ಪ್ರವೀಣನ 4,100 ಕೂಡಿದರೆ ಮಂಜುವಿನ 6,550 ಆಗಲೇಬೇಕು, ಆಗುತ್ತದೆ. ನಾಲ್ಕು ಪಾವತಿಗೆ ಎಲ್ಲರ ಲೆಕ್ಕವೂ ಚುಕ್ತಾ. ಮೂರಕ್ಕೆ ಇಳಿಸಲು ಸಾಧ್ಯವೇ? ಇಲ್ಲ. ಕೊಡಬೇಕಾದವರೇ ನಾಲ್ವರು, ಒಬ್ಬೊಬ್ಬರೂ ಒಮ್ಮೆಯಾದರೂ ಕಳಿಸಲೇಬೇಕಲ್ಲ.

ಒಳಗುಟ್ಟು ಇರುವುದು ಇಷ್ಟರಲ್ಲೇ. ಆರು ಜನರ ಪಟ್ಟಿಯೊಳಗೆ ಮೂರು ಮೂರು ಜನರ ಎರಡು ಚಿಕ್ಕ ಗುಂಪುಗಳು ಅಡಗಿದ್ದವು, ಎರಡರ ಕೂಡು-ಕಳೆಯೂ ಸೊನ್ನೆ. ಹೊರಗಿನವರ ಹಂಗಿಲ್ಲದೆ ಒಳಗೊಳಗೇ ಲೆಕ್ಕ ಮುಗಿಸಿಕೊಳ್ಳಬಲ್ಲ ಗುಂಪುಗಳು ಅವು. ಮೂರು ಜನರ ಗುಂಪಿಗೆ ಎರಡು ಪಾವತಿ ಸಾಕು. ಹೀಗೆ ಪ್ರತಿಯೊಂದು ಸೊನ್ನೆ ಗುಂಪಿಗೂ ಒಂದೊಂದು ಪಾವತಿ ಉಳಿತಾಯ. ಇದನ್ನೇ ತಿರುಗಿಸಿಯೂ ಹೇಳಬಹುದು. ಯಾವುದೇ ಚುಕ್ತಾದಲ್ಲಿ ಹಣ ಕಳಿಸಿದವರನ್ನೂ ಪಡೆದವರನ್ನೂ ಕಾಗದದ ಮೇಲೆ ಗೆರೆ ಎಳೆದು ಜೋಡಿಸಿ. ಗೆರೆಗಳಿಂದ ಒಂದಕ್ಕೊಂದು ಅಂಟಿಕೊಂಡವರದು ಒಂದು ಗುಂಪು. ಆ ಗುಂಪಿನಿಂದ ಹೊರಗೆ ಹಣ ಹೋಗಿಲ್ಲ, ಹೊರಗಿನಿಂದ ಒಳಗೆ ಬಂದೂ ಇಲ್ಲ, ಹಾಗಾಗಿ ಅದರ ಮೊತ್ತ ಸೊನ್ನೆಯೇ ಆಗಿರಬೇಕು. ಅಷ್ಟೂ ಜನರನ್ನು ಜೋಡಿಸಲು ಕನಿಷ್ಠ ಅವರ ಸಂಖ್ಯೆಗಿಂತ ಒಂದು ಕಡಿಮೆ ಗೆರೆ ಬೇಕೇ ಬೇಕು. ಆದ್ದರಿಂದ ಬಾಕಿ ಇರುವವರ ಸಂಖ್ಯೆಯಲ್ಲಿ ಸೊನ್ನೆ ಗುಂಪುಗಳ ಸಂಖ್ಯೆಯನ್ನು ಕಳೆದರೆ ಬರುವುದೇ ಪಾವತಿಗಳ ಸಂಖ್ಯೆ. ಗುಂಪುಗಳು ಹೆಚ್ಚಾದಷ್ಟೂ ಪಾವತಿ ಕಡಿಮೆ. ಇಲ್ಲಿ ಆರರಲ್ಲಿ ಎರಡು ಕಳೆದು ನಾಲ್ಕು.

ಕೇಳಲು ಸುಲಭ, ಹುಡುಕಲು ಕಷ್ಟ. ಆರು ಜನರಿಂದ ಆರಿಸಬಹುದಾದ ಗುಂಪುಗಳು 63. ಕಾಗದ, ಪೆನ್ನು ಹಿಡಿದರೆ ನೋಡಿ ಮುಗಿಸಬಹುದು. ಇಪ್ಪತ್ತು ಜನರಾದರೆ ಆ ಸಂಖ್ಯೆ ಹತ್ತು ಲಕ್ಷ ದಾಟುತ್ತದೆ, ಮೂವತ್ತಾದರೆ ನೂರು ಕೋಟಿ ದಾಟುತ್ತದೆ. ಕೊಟ್ಟ ಅಂಕಿಗಳಲ್ಲಿ ಕೆಲವನ್ನು ಆರಿಸಿ ಗೊತ್ತಾದ ಮೊತ್ತಕ್ಕೆ ಕೂಡಿಸುವ ಈ ಬಗೆಯ ಪ್ರಶ್ನೆಯನ್ನು ಅಮೆರಿಕದ ಗಣಕ ವಿಜ್ಞಾನಿ ರಿಚರ್ಡ್ ಕಾರ್ಪ್ 1972ರಲ್ಲಿ ಮಾಡಿದ 21 ಕಠಿಣ ಸಮಸ್ಯೆಗಳ ಹೆಸರಾಂತ ಪಟ್ಟಿಯಲ್ಲೇ ಕಾಣಬಹುದು. ಅಂಕಿಗಳು ಹೇಗೇ ಇರಲಿ, ಎಷ್ಟೇ ಇರಲಿ, ಎಲ್ಲಕ್ಕೂ ಬೇಗ ಉತ್ತರ ಕೊಡುವ ವಿಧಾನ ಇವತ್ತಿಗೂ ಯಾರ ಬಳಿಯೂ ಇಲ್ಲ. ಗೆಳೆಯರ ಸಾಲ ತೀರಿಸುವ ಲೆಕ್ಕವನ್ನೇ ಎತ್ತಿಕೊಂಡು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಟಾಮ್ ವರ್ಹೂಫ್ 2004ರಲ್ಲಿ ಒಂದು ಪ್ರಬಂಧ ಬರೆದರು. ವಿದ್ಯಾರ್ಥಿಗಳನ್ನು ಗಣಕ ವಿಜ್ಞಾನದೊಳಕ್ಕೆ ಕರೆದುಕೊಳ್ಳಲು ಇದು ಒಳ್ಳೆಯ ಬಾಗಿಲು ಎಂದು ಅವರು ಕಂಡುಕೊಂಡಿದ್ದರು. ಪ್ರವಾಸದ ಗುಂಪಿನ ಮಟ್ಟಿಗೆ ಈ ಕಷ್ಟ ನಮ್ಮನ್ನು ತಟ್ಟುವುದಿಲ್ಲ. ಹತ್ತು ಹದಿನೈದು ಜನರ ಎಲ್ಲ ಗುಂಪುಗಳನ್ನೂ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಿಬಿಡುತ್ತದೆ. ಕೈಲೆಕ್ಕಕ್ಕಾದರೆ ಮೇಲೆ ಮಾಡಿದಂತೆ ಕೊನೆಯ ಅಂಕಿಗಳನ್ನು ಹಿಡಿದು ಹುಡುಕುವುದೇ ಒಳ್ಳೆಯದು.

ಆದರೆ ನಮ್ಮ ಉದಾಹರಣೆಯಲ್ಲಿ ಅಂಕಿಗಳು ಇಷ್ಟು ಸಲೀಸಾಗಿ ಕೂಡಿಬಂದದ್ದು ಎಲ್ಲ ಮೊತ್ತಗಳೂ ಐವತ್ತರ, ನೂರರ ಲೆಕ್ಕದಲ್ಲಿ ಇದ್ದದ್ದರಿಂದ. ಇದಕ್ಕೆ ಒಂದೇ ಒಂದು ಟೀ ಬಿಲ್ಲು ಸೇರಿಸಿ ನೋಡಿ. ದಾರಿಯಲ್ಲಿ ಆರು ಜನ ಟೀ ಕುಡಿದರು, ವಿನಯ 120 ರೂಪಾಯಿ ನಗದು ಕೊಟ್ಟ, ತಲಾ ಇಪ್ಪತ್ತು. ಮಂಜುವಿನ ಬಾಕಿ 6,530 ಆಗುತ್ತದೆ, ಇರ್ಫಾನ್‌ನದು 6,030, ಕಾವ್ಯ ಕೊಡಬೇಕಾದದ್ದು 4,470, ವಿನಯ ಕೊಡಬೇಕಾದದ್ದು 1,500. ಕಾವ್ಯ ಮತ್ತು ವಿನಯ ಸೇರಿ ಕೊಟ್ಟರೂ ಇರ್ಫಾನ್‌ಗೆ 60 ರೂಪಾಯಿ ಕಡಿಮೆ. ಅತ್ತ ಸುಮಾ, ಪ್ರವೀಣ ಇಬ್ಬರೂ ಸೇರಿ ಕೊಟ್ಟರೆ ಮಂಜುವಿಗೆ 60 ರೂಪಾಯಿ ಹೆಚ್ಚು. ಸೊನ್ನೆ ಗುಂಪು ಒಡೆಯಿತು, ಪೂರಾ ಲೆಕ್ಕ ತೀರಬೇಕಾದರೆ ಐದು ಪಾವತಿ ಬೇಕೇ ಬೇಕು. ಯಾವ ಜಾಣತನವೂ ನಾಲ್ಕಕ್ಕೆ ಇಳಿಸಲಾರದು. ನಿಜವಾದ ಪ್ರವಾಸಗಳಲ್ಲಿ, ಅದರಲ್ಲೂ ಪೈಸೆವರೆಗೆ ಲೆಕ್ಕ ಇಟ್ಟರೆ, ಸಾಮಾನ್ಯವಾಗಿ ಆಗುವುದು ಹೀಗೆಯೇ. ಅಂಕಿಗಳು ಅಕಸ್ಮಾತ್ತಾಗಿ ಕೂಡಿಬರುವುದು ಅಪರೂಪ.

ಇಲ್ಲಿ ಗಣಿತವನ್ನು ಬದಿಗಿಟ್ಟು ಗೆಳೆತನವನ್ನು ಬಳಸಿಕೊಳ್ಳುವುದೇ ಸರಿ ಎಂದು ನನಗನ್ನಿಸುತ್ತದೆ. ಇರ್ಫಾನ್ 60 ರೂಪಾಯಿ ಬಿಟ್ಟರೆ, ಮಂಜು ಮುಂದಿನ ಸಲ ಅವನ ಕಾಫಿ ಬಿಲ್ಲು ಕೊಟ್ಟರೆ ನಾಲ್ಕೇ ಪಾವತಿ ಸಾಕು. ಆದರೆ ಯಾರು ಯಾರಿಗೆ ಎಷ್ಟು ಬಿಡುತ್ತಿದ್ದಾರೆ ಅನ್ನುವುದು ಇಬ್ಬರಿಗೂ ಗೊತ್ತಿರಬೇಕು. ಲೆಕ್ಕ ಬರೆಯುವವರು ತಾವೇ ಅಂಕಿ ತಿದ್ದಿ ‘ಸರಿಹೋಯ್ತು’ ಅನ್ನಬಾರದು.

ಲೆಕ್ಕ ನಿಜವಾಗಿ ಕೆಡುವುದು ಕೊನೆಯ ಪಾವತಿಗಳ ಹಂತದಲ್ಲಿ ಅಲ್ಲ, ಫೋನಿನ ದಾಖಲೆಗಳನ್ನು ಪಟ್ಟಿಗೆ ಇಳಿಸುವಾಗ. ಯುಪಿಐ 2016ರಲ್ಲಿ ಬಂದ ಮೇಲೆ ದಾಖಲೆಗೆ ಕೊರತೆಯಿಲ್ಲ, ಆದರೆ ದಾಖಲೆ ಹೇಳುವುದು ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನಷ್ಟೇ. ಯಾಕೆ ಹೋಯಿತು, ಯಾರಿಗಾಗಿ ಹೋಯಿತು ಅನ್ನುವುದು ಅದರಲ್ಲಿಲ್ಲ. ಚಿಕ್ಕ ಹೋಟೆಲು, ಜೀಪಿನವರಿಗೆ ಕೊಟ್ಟಾಗ ಅಂಗಡಿಯ ಹೆಸರಿನ ಬದಲು ಮಾಲೀಕರ ಸ್ವಂತ ಹೆಸರು ಬಂದಿರುತ್ತದೆ. ತಿಂಗಳು ಕಳೆದ ಮೇಲೆ ನೋಡಿದರೆ ಈ ಹೆಸರಿನವರು ಯಾರು ಎಂದೇ ನೆನಪಿರುವುದಿಲ್ಲ. ದಿನಾಂಕ, ವೇಳೆ ನೋಡಿ ಊಹಿಸಬೇಕಾಗುತ್ತದೆ: ಮಧ್ಯಾಹ್ನ ಎರಡು ಗಂಟೆಯದು ಊಟ, ಬೆಳಿಗ್ಗೆ ಆರರದು ಜೀಪು. ಪಾವತಿ ವಿಫಲವಾಗಿ ಹಣ ವಾಪಸ್ ಬಂದು, ಮತ್ತೊಮ್ಮೆ ಕೊಟ್ಟಿದ್ದರೆ ಖರ್ಚು ಎರಡು ಸಲ ಕಾಣುತ್ತದೆ. ಒಂದೇ ಬಿಲ್ಲಿನ ಸ್ಕ್ರೀನ್‌ಶಾಟನ್ನು ಇಬ್ಬರು ಗುಂಪಿಗೆ ಹಾಕಿ ಇಬ್ಬರ ಹೆಸರಿನಲ್ಲೂ ಬರೆದುಬಿಡುವುದುಂಟು. ಪ್ರತಿ ಯುಪಿಐ ಪಾವತಿಗೂ ಹನ್ನೆರಡು ಅಂಕಿಯ ಒಂದು ಸಂಖ್ಯೆ ಇರುತ್ತದೆ, ಆ್ಯಪಿನಲ್ಲಿ ಅದನ್ನು ಯುಟಿಆರ್ ಎಂದೋ ಯುಪಿಐ ವಹಿವಾಟು ಸಂಖ್ಯೆ ಎಂದೋ ತೋರಿಸುತ್ತಾರೆ. ಪಟ್ಟಿಯಲ್ಲಿ ಅದರ ಕೊನೆಯ ನಾಲ್ಕು ಅಂಕಿ ಬರೆದುಕೊಂಡರೂ ಎರಡೆರಡು ಸಲ ಬಂದದ್ದು ಸಿಕ್ಕಿಬೀಳುತ್ತದೆ.

ಎಲ್ಲಕ್ಕಿಂತ ಕಣ್ಣುತಪ್ಪಿಸುವ ತಪ್ಪು ಇನ್ನೊಂದಿದೆ. ಪ್ರವಾಸದ ನಡುವೆ ಕಾವ್ಯ ‘ಗಾಡಿಯದ್ದಕ್ಕೆ ಇಟ್ಕೊ’ ಎಂದು ಇರ್ಫಾನ್‌ಗೆ ಒಂದು ಸಾವಿರ ಕಳಿಸಿದ್ದಾಳೆ ಎಂದುಕೊಳ್ಳಿ. ಇದು ಖರ್ಚಲ್ಲ. ಗಾಡಿಯ 14,300 ಈಗಾಗಲೇ ಇರ್ಫಾನ್‌ನ ಹೆಸರಿನಲ್ಲಿ ಪಟ್ಟಿಯಲ್ಲಿದೆ, ಇದು ಆ ಬಾಕಿಯಲ್ಲಿ ಸ್ವಲ್ಪವನ್ನು ಮೊದಲೇ ತೀರಿಸಿದ್ದು. ಕಾವ್ಯ ಕೊಟ್ಟದ್ದಕ್ಕೆ ಸಾವಿರ ಕೂಡಿಸಿ, ಇರ್ಫಾನ್ ಕೊಟ್ಟದ್ದರಲ್ಲಿ ಸಾವಿರ ಕಳೆದರೆ ಆಯಿತು. ಕಾವ್ಯಳ ಬಾಕಿ 3,450ಕ್ಕೆ ಇಳಿಯುತ್ತದೆ, ಇರ್ಫಾನ್‌ಗೆ ಬರಬೇಕಾದದ್ದು 5,050 ಆಗುತ್ತದೆ. ಅದರ ಬದಲು ಕಾವ್ಯಳ ಹೆಸರಿನಲ್ಲಿ ಇನ್ನೊಂದು ಸಾವಿರದ ಖರ್ಚು ಎಂದು ಬರೆದು ಆರು ಜನರಿಗೆ ಹಂಚಿದರೆ ಏನಾಗುತ್ತದೆ? ಎಲ್ಲರ ಪಾಲಿಗೂ 166 ರೂಪಾಯಿ 67 ಪೈಸೆ ಸೇರಿಕೊಳ್ಳುತ್ತದೆ. ಇರ್ಫಾನ್‌ಗೆ 5,050ರ ಬದಲು 5,883 ಬರಬೇಕೆಂದು ಪಟ್ಟಿ ಹೇಳುತ್ತದೆ. ಅಂದರೆ ಉಳಿದ ಐವರೂ ಸೇರಿ ಅವನಿಗೆ 833 ರೂಪಾಯಿ ಸುಮ್ಮನೆ ಕೊಡುತ್ತಾರೆ.

ತಮಾಷೆಯೆಂದರೆ ಹಾಗೆ ಬರೆದರೂ ಬಾಕಿಗಳ ಒಟ್ಟು ಸೊನ್ನೆಯೇ ಬರುತ್ತದೆ. ಸೊನ್ನೆ ಬಂತು, ಲೆಕ್ಕ ಸರಿ ಎಂದು ನಂಬುವವರು ಇಲ್ಲೇ ಮೋಸ ಹೋಗುವುದು. ಪ್ರತಿ ಖರ್ಚನ್ನೂ ಪೂರ್ತಿಯಾಗಿ ಹಂಚಿದ್ದೀರಿ ಎಂದಷ್ಟೇ ಸೊನ್ನೆ ಹೇಳುತ್ತದೆ. ಖರ್ಚು ನಿಜವೇ, ಬಿಟ್ಟುಹೋದದ್ದು ಇದೆಯೇ, ಸರಿಯಾದವರಿಗೇ ಹಂಚಿದ್ದೀರಾ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆಯೇ ತಾಳೆ ಬೇಕು. ದುಡ್ಡು ಪಡೆದ ಹೊರಗಿನವರ ಕಡೆಯಿಂದ ಎಣಿಸಿ: ಹೋಮ್‌ಸ್ಟೇಯವರು, ಗಾಡಿಯವರು, ಜೀಪಿನವರು, ಎರಡು ಹೋಟೆಲು, ಒಂದು ವೈನ್ ಶಾಪು. ಅವರಿಗೆಲ್ಲ ಸೇರಿ ಹೋದದ್ದು 43,650. ಪಟ್ಟಿಯಲ್ಲಿ 44,650 ಕಂಡರೆ ಆ ಸಾವಿರ ಗುಂಪಿನ ಒಳಗೇ ಎಲ್ಲೋ ಓಡಾಡಿದೆ ಎಂದರ್ಥ. ಎಲ್ಲ ಬಿಲ್ಲುಗಳೂ ಸರಿಯಾಗಿ ಭಾಗವಾಗುತ್ತಿದ್ದ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ 67 ಪೈಸೆ ತಲೆಹಾಕಿದರೆ ಅದೂ ಒಂದು ಸುಳಿವು.

ಪಟ್ಟಿಯನ್ನು ಸ್ಪ್ರೆಡ್‌ಶೀಟಿನಲ್ಲಿ ಇಡುವವರು ಒಂದು ಕಾಲಮ್ಮಿನಲ್ಲಿ ಕೊಟ್ಟವರ ಹೆಸರು, ಮುಂದಿನದರಲ್ಲಿ ಮೊತ್ತ ಬರೆದರೆ ಸಾಕು. ಹೆಸರು ಬಿ ಕಾಲಮ್ಮಿನಲ್ಲೂ ಮೊತ್ತ ಸಿ ಕಾಲಮ್ಮಿನಲ್ಲೂ ಇದ್ದರೆ ಕಾವ್ಯ ಕೊಟ್ಟ ಒಟ್ಟು ಹಣ ಹೀಗೆ ಸಿಗುತ್ತದೆ:

```
=SUMIF(B:B,"ಕಾವ್ಯ",C:C)
```

ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆದಿರಬೇಕು. ಒಂದು ಕಡೆ ಕಾವ್ಯ, ಇನ್ನೊಂದು ಕಡೆ ಕಾವ್ಯಾ ಎಂದಿದ್ದರೆ ಶೀಟಿನ ಕಣ್ಣಿಗೆ ಅವರಿಬ್ಬರು.

ಇಷ್ಟೆಲ್ಲ ಬೇಡ ಅನ್ನುವವರಿಗೆ ಆ್ಯಪುಗಳಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2011ರಲ್ಲಿ ಹುಟ್ಟಿದ ಸ್ಪ್ಲಿಟ್‌ವೈಸ್. ಅದರಲ್ಲಿ ಬಾಕಿಗಳನ್ನು ಸರಳಗೊಳಿಸುವ `Simplify debts` ಎಂಬ ಆಯ್ಕೆ ಇದೆ. ಆದರೆ ಮೊದಲು ಯಾವ ಬಾಕಿಯೂ ಇಲ್ಲದ ಇಬ್ಬರ ನಡುವೆ ಹೊಸ ಬಾಕಿ ಹುಟ್ಟಿಸಬಾರದು ಎಂಬ ನಿಯಮವನ್ನೂ ಅದು ಇಟ್ಟುಕೊಂಡಿದೆ. ಆ ನಿಯಮ ಪಾಲಿಸಿದರೆ ಪಾವತಿಗಳ ಸಂಖ್ಯೆ ಇಳಿಯುತ್ತದೆ, ಅತಿ ಕಡಿಮೆಯೇ ಆಗುತ್ತದೆ ಎಂದು ಹೇಳುವಂತಿಲ್ಲ.

ಆ ನಿಯಮಕ್ಕೆ ಕಾರಣವಿದೆ. ನಮ್ಮ ನಾಲ್ಕು ಪಾವತಿಯ ಪಟ್ಟಿಯನ್ನು ಗುಂಪಿಗೆ ಹಾಕಿದರೆ ವಿನಯ ಏನು ಕೇಳುತ್ತಾನೆ ಗೊತ್ತೆ?

‘ಲೇ, ಹೋಮ್‌ಸ್ಟೇಗೆ ದುಡ್ಡು ಕೊಟ್ಟಿದ್ದು ಮಂಜು ಮತ್ತೆ ಸುಮಾ. ನಂದೆಲ್ಲಾ ಇರ್ಫಾನ್‌ಗೆ ಯಾಕೆ ಹೋಗ್ಬೇಕು?’

‘ನಿನ್ ಪಾಲಿಂದು ಮಂಜುಗೆ ಪ್ರವೀಣ ಕೊಡ್ತಿದಾನೆ ಕಣೋ. ಇರ್ಫಾನ್‌ಗೆ ಪ್ರವೀಣ ಕೊಡ್ಬೇಕಾಗಿದ್ದನ್ನ ನೀನು ಕೊಡ್ತಿದೀಯ. ಯಾರ ಜೇಬಿಂದ್ಲೂ ಒಂದು ಪೈಸೆ ಹೆಚ್ಚಿಗೆ ಹೋಗಲ್ಲ.’

ಇದನ್ನು ಬಾಯಲ್ಲಿ ಹೇಳಿ ಒಪ್ಪಿಸಬೇಕಾಗುತ್ತದೆ, ಬರೀ ಪಟ್ಟಿ ಸಾಲದು. ಅದಕ್ಕೇ ಕೊಟ್ಟದ್ದು, ಪಾಲು, ಬಾಕಿ ಮೂರೂ ಇರುವ ಪಟ್ಟಿಯನ್ನೇ ಮೊದಲು ಗುಂಪಿಗೆ ಹಾಕಿ, ಯಾರು ಯಾರಿಗೆ ಕಳಿಸಬೇಕು ಅನ್ನುವುದನ್ನು ಆಮೇಲೆ ಹಾಕುವುದು ಒಳ್ಳೆಯದು.

ಇನ್ನೂ ಒಂದು ಗಂಭೀರ ಮಾತಿದೆ. ಮೊದಲಿನ ಲೆಕ್ಕದಲ್ಲಿ ವಿನಯನ ಪಾಲು ನಾಲ್ವರ ಕೈಗೆ ಚೂರುಚೂರಾಗಿ ಹೋಗಬೇಕಿತ್ತು. ಅವನು ಕೊಡದೇ ಹೋದರೆ ನಷ್ಟ ಆ ನಾಲ್ವರಿಗೂ ಹಂಚಿಹೋಗುತ್ತಿತ್ತು. ಈಗ ಅವನು ಕೊಡದಿದ್ದರೆ ಪೂರ್ತಿ 1,600 ಇರ್ಫಾನ್‌ನೊಬ್ಬನ ತಲೆಗೇ ಬರುತ್ತದೆ. ಪಾವತಿ ಕಡಿಮೆ ಮಾಡುವುದರ ಬೆಲೆ ಇದು. ಬ್ಯಾಂಕುಗಳ ನಡುವಿನ ಸರ್ಕಾರಿ ಸಾಲಪತ್ರ ಮತ್ತು ವಿದೇಶಿ ವಿನಿಮಯದ ವಹಿವಾಟಿನಲ್ಲೂ ಇದೇ ಬಗೆಯ ನಿವ್ವಳ ಲೆಕ್ಕ ನಡೆಯುತ್ತದೆ. ಅಲ್ಲಿ ಈ ಅಪಾಯವನ್ನು ಹೊರಲೆಂದೇ ನಡುವೆ ಒಂದು ಸಂಸ್ಥೆ ನಿಂತಿದೆ, 2001ರಲ್ಲಿ ಸ್ಥಾಪನೆಯಾದ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ. ಗೆಳೆಯರ ಗುಂಪಿನಲ್ಲಿ ಆ ಜಾಗದಲ್ಲಿ ಯಾರೂ ಇರುವುದಿಲ್ಲ. ದುಡ್ಡು ಕೊಡಲು ಸತಾಯಿಸುವವರು ಗುಂಪಿನಲ್ಲಿದ್ದರೆ, ಅವರ ಪಾವತಿಯನ್ನು ಕೇಳಿ ವಸೂಲಿ ಮಾಡುವ ಧೈರ್ಯ ಇರುವವರ ಹೆಸರಿಗೇ ಹಾಕಿ.

ಹಾಗಾದರೆ ಐದನ್ನು ನಾಲ್ಕು ಮಾಡಲು ಇಷ್ಟು ಒದ್ದಾಟ ಬೇಕೆ? ಎಲ್ಲರೂ ಊರಲ್ಲೇ ಇದ್ದು ಯುಪಿಐ ಬಳಸುವವರಾದರೆ ಖಂಡಿತ ಬೇಡ ಅನ್ನುತ್ತೇನೆ. ಗೆಳೆಯರ ನಡುವಿನ ಯುಪಿಐ ಪಾವತಿಗೆ ಶುಲ್ಕವಿಲ್ಲ, ಒಂದು ಪಾವತಿ ಉಳಿಸಿದರೆ ಉಳಿಯುವುದು ಅರ್ಧ ನಿಮಿಷ. ಅಂಥ ಗುಂಪಿಗೆ ಇನ್ನೂ ಸರಳ ದಾರಿಯಿದೆ. ಎಲ್ಲ ಕೊಡಬೇಕಾದವರೂ ಮಂಜುವಿಗೆ ಕಳಿಸಲಿ, ಮಂಜು ಇರ್ಫಾನ್‌ಗೆ 6,050 ಕಳಿಸಲಿ. ಅದೂ ಐದೇ ಪಾವತಿ, ಯಾರಿಗೂ ವಿವರಿಸಬೇಕಾಗಿಲ್ಲ, ಯಾರು ಕೊಟ್ಟಿಲ್ಲ ಅನ್ನುವುದು ಒಬ್ಬನ ಫೋನಿನಲ್ಲೇ ಗೊತ್ತಾಗುತ್ತದೆ. ಕಷ್ಟಪಟ್ಟು ಸೊನ್ನೆ ಗುಂಪು ಹುಡುಕುವುದು ಸಾರ್ಥಕವಾಗುವುದು ಪ್ರತಿ ಪಾವತಿಗೂ ಶುಲ್ಕ ಬೀಳುವ ಕಡೆ. ಬೆಂಗಳೂರು, ದುಬೈ, ಅಮೆರಿಕದಲ್ಲಿರುವ ಹಳೆಯ ಸಹಪಾಠಿಗಳು ಸೇರಿ ಎಲ್ಲಿಗೋ ಹೋಗಿ ಬಂದರೆ ದೇಶ ದಾಟುವ ಪ್ರತಿ ಪಾವತಿಗೂ ಶುಲ್ಕ ಇರಬಹುದು, ವಿನಿಮಯ ದರದಲ್ಲೂ ಸ್ವಲ್ಪ ಹೋಗುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಒಂದೇ ದೇಶದಲ್ಲಿ ಇರುವವರು ತಮ್ಮತಮ್ಮಲ್ಲೇ ಎಷ್ಟು ತೀರಿಸಿಕೊಳ್ಳಬಹುದು ಅನ್ನುವುದನ್ನು. ಗಡಿ ದಾಟುವ ಪಾವತಿ ಒಂದು ಕಡಿಮೆಯಾಗುವುದಾದರೆ ಊರೊಳಗಿನ ಪಾವತಿ ಎರಡು ಹೆಚ್ಚಾದರೂ ನಷ್ಟವಿಲ್ಲ.

ಎಷ್ಟು ಪಾವತಿಯಾದರೂ ಆಗಲಿ, ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಿ. ಬಾಕಿಯ ಪಟ್ಟಿಯನ್ನು ಗುಂಪಿಗೆ ಹಾಕಿದ ಮೇಲೆ, ಬಿಟ್ಟುಹೋದ ಖರ್ಚು ಹೇಳಲು ಎರಡು ದಿನ ಕೊಡಿ, ಯಾರೂ ಹಣ ಕಳಿಸುವುದು ಬೇಡ. ಒಬ್ಬಿಬ್ಬರು ಕಳಿಸಿಬಿಟ್ಟ ಮೇಲೆ 120 ರೂಪಾಯಿಯ ಟೀ ಬಿಲ್ಲು ನೆನಪಾದರೆ ಆರೂ ಜನರ ಬಾಕಿ ಬದಲಾಗುತ್ತದೆ, ಕಳಿಸಿದ್ದನ್ನು ಮತ್ತೆ ಹಿಂದೆಮುಂದೆ ಮಾಡಬೇಕಾಗುತ್ತದೆ. ಆ ಎರಡು ದಿನ ಕಳೆದ ಮೇಲೆ ಸಿಕ್ಕ ಬಿಲ್ಲನ್ನು ಈ ಪಟ್ಟಿಗೆ ಸೇರಿಸಬೇಡಿ, ಮುಂದಿನ ಪ್ರವಾಸದ ಪಟ್ಟಿಯಲ್ಲಿ ಮೊದಲ ಸಾಲಾಗಿ ಬರೆದಿಡಿ.